ಚಪ್ಪಲಿ ತೆಗೆದು ಶೂ ತೊಡಿಸುವುದು: ಒಂದು ಫೋಟೊದ ಕಾಲಬುಡದ ಲೆಕ್ಕ

ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಶೂ ಕಾಣೆಯಾಗುವುದು ಹೊಸ ಸಂಗತಿಯಲ್ಲ. ಮದುಮಗನ ಭಾವನಿಗೆ ಆದದ್ದೂ ಅದೇ. ಕಡುನೀಲಿ ಸೂಟು, ಟೈ, ಕೋಟಿನ ಜೇಬಲ್ಲಿ ಗುಲಾಬಿ, ಕಾಲಲ್ಲಿ ಮಾತ್ರ ಅಡುಗೆಯವರಿಂದ ಎರವಲು ಪಡೆದ ಹವಾಯಿ ಚಪ್ಪಲಿ. ಬೆಳಗಿನ ಬಿಸಿಲಿನಲ್ಲಿ ಛತ್ರದ ಮುಂದಿನ ಸಿಮೆಂಟ್ ಅಂಗಳದಲ್ಲಿ ನಿಂತು ಅಡಿಯಿಂದ ಮುಡಿವರೆಗೆ ಫೋಟೊ ತೆಗೆಸಿಕೊಂಡಿದ್ದ. ಆಲ್ಬಂ ಸಿದ್ಧವಾಗುವ ಹೊತ್ತಿಗೆ ಫೋನ್ ಬಂತು: "ಅಣ್ಣಾ, ಆ ಚಪ್ಪಲಿ ಒಂದು ತೆಗೆದು ಶೂ ಹಾಕ್ಬಿಡಿ. ಬೇರೆ ಏನೂ ಮುಟ್ಟೋದು ಬೇಡ."

ಬೇರೆ ಏನೂ ಮುಟ್ಟಬಾರದು ಅನ್ನುವುದೇ ಈ ಕೆಲಸದ ಕಷ್ಟ. ಕಾಲಿಗೆ ತೊಟ್ಟದ್ದು ಒಂಟಿಯಾಗಿ ಇರುವುದಿಲ್ಲ. ಮೇಲೆ ಪ್ಯಾಂಟಿನ ತುದಿ ಅದರ ಮೇಲೆ ಒರಗಿರುತ್ತದೆ, ಕೆಳಗೆ ನೆಲ ಅದನ್ನು ಹೊತ್ತಿರುತ್ತದೆ, ಪಕ್ಕದಲ್ಲಿ ನೆರಳು ಅದಕ್ಕೆ ಅಂಟಿಕೊಂಡಿರುತ್ತದೆ. ಶೂನ ಒಳ್ಳೆಯ ಚಿತ್ರವೊಂದನ್ನು ತಂದು ಚಪ್ಪಲಿಯ ಮೇಲೆ ಕೂರಿಸಿದರೆ ನೋಡುವವರಿಗೆ ಯಾವುದು ತಪ್ಪು ಎಂದು ಹೇಳಲು ಬಾರದಿರಬಹುದು. ಆದರೆ ಮನುಷ್ಯ ತೇಲುತ್ತಿದ್ದಾನೆ ಎಂಬುದು ಗೊತ್ತಾಗಿಬಿಡುತ್ತದೆ.

ಹಾಗಾಗಿ ನಾನು ಮೊದಲು ನೋಡುವುದು ಕ್ಯಾಮೆರಾ ಎಲ್ಲಿತ್ತು ಎಂಬುದನ್ನು. ಈ ಫೋಟೊ ತೆಗೆದದ್ದು 50 ಎಂ.ಎಂ. ಲೆನ್ಸಿನಲ್ಲಿ, ಸುಮಾರು 4 ಮೀಟರ್ ದೂರದಿಂದ. ಕ್ಯಾಮೆರಾ ಎದೆಮಟ್ಟಕ್ಕಿಂತ ತುಸು ಕೆಳಗೆ, ನೆಲದಿಂದ 120 ಸೆಂ.ಮೀ. ಎತ್ತರದಲ್ಲಿತ್ತು. ಅಂದರೆ ಲೆನ್ಸು ಅವನ ಪಾದವನ್ನು ಮೇಲಿನಿಂದ ಹದಿನೇಳು ಡಿಗ್ರಿಯಷ್ಟು ಓರೆಯಲ್ಲಿ ನೋಡಿದೆ. ಆ ಓರೆಗೆ 30 ಸೆಂ.ಮೀ. ಉದ್ದದ ಶೂ ನಮ್ಮ ಕಡೆ ಮುಖ ಮಾಡಿ ನಿಂತರೆ ಚಿತ್ರದಲ್ಲಿ ಅದರ ಉದ್ದ ಕುಗ್ಗಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಮಾತ್ರ ಕಾಣುತ್ತದೆ. ಅದೇ ಶೂವನ್ನು ನಾವು ನಿಂತಲ್ಲಿಂದಲೇ ಬಗ್ಗಿ ಮೊಬೈಲಿನಲ್ಲಿ ತೆಗೆದರೆ ಓರೆ 45 ಡಿಗ್ರಿ ದಾಟುತ್ತದೆ, ಶೂ ಎರಡೂವರೆ ಪಟ್ಟು ಉದ್ದವಾಗಿ ಕಾಣುತ್ತದೆ. ಅದನ್ನು ತಂದು ಅಂಟಿಸಿದರೆ ಅವನು ಬೆಟ್ಟದ ಇಳಿಜಾರಿನಲ್ಲಿ ಪಾದ ಕೆಳಮುಖ ಮಾಡಿ ನಿಂತಂತೆ ಆಗುತ್ತದೆ. ಅಂಗಡಿಯವರು ಹಾಕುವ ಶೂ ಚಿತ್ರಗಳ ತೊಂದರೆ ಇದರ ಉಲ್ಟಾ. ಅವುಗಳಲ್ಲಿ ಹೆಚ್ಚಿನವನ್ನು ನೆಲದ ಮಟ್ಟದಿಂದ, ಪಕ್ಕದಿಂದ ತೆಗೆದಿರುತ್ತಾರೆ. ಅವು ಇಲ್ಲಿಗೆ ಒದಗುವುದೇ ಇಲ್ಲ.

ಓರೆ ಸರಿಯಾದರೆ ಸಾಲದು, ದೂರವೂ ಅಷ್ಟೇ ಇರಬೇಕು. 4 ಮೀಟರ್‌ನಿಂದ ನೋಡಿದಾಗ ಶೂನ ಮೂತಿ ಹಿಮ್ಮಡಿಗಿಂತ ನೂರಕ್ಕೆ ಎಂಟರಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. 1 ಮೀಟರ್‌ನಿಂದ ತೆಗೆದರೆ ನೂರಕ್ಕೆ 35ರಷ್ಟು ಊದಿಕೊಳ್ಳುತ್ತದೆ. ಹತ್ತಿರ ಹೋಗಿ ದೊಡ್ಡದಾಗಿ ತೆಗೆದು ಆಮೇಲೆ ಚಿಕ್ಕದು ಮಾಡೋಣ ಎನ್ನುವವರು ಬೀಳುವ ಗುಂಡಿ ಇದೇ. ಗಾತ್ರ ಚಿಕ್ಕದಾದರೂ ಊದಿದ ಮೂತಿ ಊದಿಯೇ ಉಳಿಯುತ್ತದೆ.

ಆದ್ದರಿಂದ ನಾನು ಶೂ ಹುಡುಕಲಿಲ್ಲ, ಫೋಟೊ ತೆಗೆದೆ. ಅದೇ ಅಳತೆಯ ಪಾದ ಇರುವ ಅಕ್ಕನ ಮಗನಿಗೆ ಕಪ್ಪು ಲೇಸ್ ಶೂ, ಕಪ್ಪುನೀಲಿ ಸಾಕ್ಸ್ ಹಾಕಿಸಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಸಿ ಮನೆಯ ತಾರಸಿಯ ಮೇಲೆ ನಿಲ್ಲಿಸಿದೆ. ಖಾಲಿ ಶೂ ಇಟ್ಟು ತೆಗೆಯುವುದಕ್ಕಿಂತ ಕಾಲು ಒಳಗಿರುವ ಶೂ ತೆಗೆಯುವುದು ಎಷ್ಟೋ ಮೇಲು. ಭಾರ ಬಿದ್ದಾಗ ಶೂನ ಬಾಯಿ ಅಗಲವಾಗುತ್ತದೆ, ಲೇಸಿನ ಎರಡು ಬದಿ ಬಿಗಿಯುತ್ತವೆ, ಬೆರಳಿನ ಬುಡದಲ್ಲಿ ಚರ್ಮ ನಿರಿಗೆ ಬೀಳುತ್ತದೆ. ಖಾಲಿ ಶೂ ಖಾಲಿ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಮೂಲ ಫೋಟೊದಲ್ಲಿ ಎಡಗಾಲು ಒಂದು ಗೇಣು ಮುಂದಿತ್ತು, ಎರಡೂ ಪಾದ ತುಸು ಹೊರಕ್ಕೆ ತಿರುಗಿದ್ದವು. ಆ ಕೋನವನ್ನು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆದು ಅದರ ಮೇಲೆ ಪಾದ ಇಡಿಸಿದೆ. ಒಂದೇ ಶೂ ತೆಗೆದು ಇನ್ನೊಂದನ್ನು ಕನ್ನಡಿಯಂತೆ ತಿರುಗಿಸಿ ಇಡುವ ಚಾಳಿ ನಮ್ಮಲ್ಲಿ ಬಹಳ. ಹಾಗೆ ಮಾಡಿದರೆ ಬೆಳಕೂ ತಿರುಗುತ್ತದೆ: ಒಂದು ಶೂಗೆ ಎಡಗಡೆ ಸೂರ್ಯ, ಇನ್ನೊಂದಕ್ಕೆ ಬಲಗಡೆ.

ಸೂರ್ಯನನ್ನು ಹೊಂದಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಮೂಲ ಫೋಟೊದಲ್ಲಿ ಅವನ ನೆರಳು ಬಲಕ್ಕೂ ತುಸು ಹಿಂದಕ್ಕೂ ಬಿದ್ದಿತ್ತು, ಹೆಚ್ಚುಕಡಿಮೆ ಅವನಷ್ಟೇ ಉದ್ದವಿತ್ತು. ನೆರಳು ಆಳಿನಷ್ಟೇ ಉದ್ದ ಎಂದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾನೆ. ತಾರಸಿಯ ಮೇಲೆ ಒಂದು ಮೊಳದ ಕೋಲು ನೆಟ್ಟಗೆ ಹಿಡಿದು, ಅದರ ನೆರಳು ಒಂದು ಮೊಳ ಆಗುವ ಹೊತ್ತಿಗೆ ಕಾದೆ. ಆಮೇಲೆ ನೆರಳಿನ ದಿಕ್ಕು ಹೊಂದುವವರೆಗೆ ಹುಡುಗನನ್ನೂ ಕ್ಯಾಮೆರಾವನ್ನೂ ಒಟ್ಟಿಗೇ ಸುತ್ತಿಸಿದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಬೆಳಕಿನ ಅಳತೆ ಕೈಯಿಂದಲೇ ನಿಗದಿ. ಶೂ ಫೋಟೊ ಆದ ಮೇಲೆ ಹುಡುಗನನ್ನು ಆಚೆ ಕಳಿಸಿ, ಏನನ್ನೂ ಕದಲಿಸದೆ, ಖಾಲಿ ನೆಲದ್ದೂ ಒಂದು ತೆಗೆದೆ. ಆ ಖಾಲಿ ಫೋಟೊ ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಈಗ ಕೂರಿಸುವ ಕೆಲಸ. ಸಾಮಾನ್ಯವಾಗಿ ಎಲ್ಲರೂ ಶೂನ ಅಟ್ಟೆಯನ್ನು ಚಪ್ಪಲಿಯ ಅಟ್ಟೆ ಇದ್ದಲ್ಲಿಗೆ ಹೊಂದಿಸುತ್ತಾರೆ. ನೆಲ ಅಲ್ಲಿದೆಯಲ್ಲ ಎಂಬ ನ್ಯಾಯ. ಅದು ತಪ್ಪು. ದೇಹ ಶೂಗೆ ಸೇರುವುದು ಹರಡಿನ ಹತ್ತಿರ, ಅಂದರೆ ಕಾಲಿನ ಗಂಟಿನ ಹತ್ತಿರ. ಲೇಸ್ ಶೂನ ಬಾಯಿ ಆ ಗಂಟಿನ ಮೂಳೆಗಿಂತ ತುಸು ಕೆಳಗೆ ನಿಲ್ಲಬೇಕು. ಅದಕ್ಕೆ ಹೊಂದಿಸಿ ನೋಡಿದಾಗ ಅಟ್ಟೆ ಹಳೆಯ ನೆಲಕ್ಕಿಂತ ಕೆಳಗೆ ಇಳಿದಿರುವುದು ಕಾಣುತ್ತದೆ. ಕಾರಣ ಸರಳ. ಆ ಹವಾಯಿ ಚಪ್ಪಲಿ ಹಿಮ್ಮಡಿಯ ಕೆಳಗೆ 1.5 ಸೆಂ.ಮೀ. ದಪ್ಪ ಇತ್ತು, ಈ ಶೂನ ಹಿಮ್ಮಡಿ ಒಳಪದರವೂ ಸೇರಿ 3 ಸೆಂ.ಮೀ. ಶೂ ತೊಟ್ಟವನು ನಿಜಕ್ಕೂ 1.5 ಸೆಂ.ಮೀ. ಎತ್ತರವಾಗುತ್ತಾನೆ. 6000 ಪಿಕ್ಸೆಲ್ ಎತ್ತರದ ನಮ್ಮ ಚಿತ್ರದಲ್ಲಿ ಒಂದು ಸೆಂ.ಮೀ.ಗೆ ಸುಮಾರು 20 ಪಿಕ್ಸೆಲ್. ಆ ಲೆಕ್ಕದಲ್ಲಿ 30 ಪಿಕ್ಸೆಲ್ ವ್ಯತ್ಯಾಸ.

ಆ 30 ಪಿಕ್ಸೆಲ್ಲನ್ನು ಎಲ್ಲಿಗಾದರೂ ಹಾಕಲೇಬೇಕು. ಒಂದೋ ಮನುಷ್ಯನನ್ನೇ ಮೇಲೆತ್ತಬೇಕು, ಆಗ ತಲೆಯಿಂದ ಪಾದದವರೆಗೆ ಸುತ್ತಲಿನ ಹಿನ್ನೆಲೆಯನ್ನೆಲ್ಲ ತುಂಬಬೇಕು. ಇಲ್ಲವೇ ಅವನನ್ನು ಇದ್ದಲ್ಲೇ ಬಿಟ್ಟು ಪಾದ ಮುಟ್ಟುವ ಜಾಗವನ್ನು ಕೆಳಗಿಳಿಸಬೇಕು. ಫೋಟೊದಲ್ಲಿ ನೆಲದ ಮೇಲೆ ಕೆಳಗಿಳಿಯುವುದೆಂದರೆ ಕ್ಯಾಮೆರಾದ ಕಡೆಗೆ ಬರುವುದು. ಈ ಓರೆಯಲ್ಲಿ 30 ಪಿಕ್ಸೆಲ್ ಇಳಿದರೆ ಅವನು ನಮ್ಮ ಕಡೆಗೆ 5 ಸೆಂ.ಮೀ. ಸರಿದು ನಿಂತಂತೆ. ಬರಿಯ ಸಿಮೆಂಟ್ ಅಂಗಳದಲ್ಲಿ ಒಬ್ಬನೇ ನಿಂತಿರುವಾಗ 5 ಸೆಂ.ಮೀ. ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ತಕ್ಕಂತೆ ಅವನ ಗಾತ್ರ ನೂರಕ್ಕೆ ಒಂದರಷ್ಟು ಹೆಚ್ಚಬೇಕಿತ್ತು ಎನ್ನುವುದನ್ನೂ ಬಿಟ್ಟುಬಿಡಬಹುದು. ನಾನು ಈ ದಾರಿ ಹಿಡಿದೆ. ಆದರೆ ಟೈಲ್ಸ್ ನೆಲವಾಗಿದ್ದರೆ, ಮೆಟ್ಟಿಲ ಅಂಚಿನಲ್ಲಿ ನಿಂತಿದ್ದರೆ, ಪಕ್ಕದಲ್ಲಿ ಹೆಂಡತಿ ನಿಂತಿದ್ದರೆ ಇದು ನಡೆಯುವುದಿಲ್ಲ. ಶೂ ಟೈಲ್ಸಿನ ಗೆರೆ ದಾಟುತ್ತದೆ, ಮೂತಿ ಮೆಟ್ಟಿಲಿನಾಚೆ ಗಾಳಿಯಲ್ಲಿ ನಿಲ್ಲುತ್ತದೆ. ಅಂಥ ಕಡೆ ಬೇರೆ ದಾರಿಯಿಲ್ಲ, ಆಳನ್ನೇ ಎತ್ತಬೇಕು.

ನೆಲ ಇಳಿಸಿದ್ದರ ಇನ್ನೊಂದು ಲಾಭ ಪ್ಯಾಂಟಿನ ತುದಿಯಲ್ಲಿ ಸಿಕ್ಕಿತು. ಸೂಟಿನ ಪ್ಯಾಂಟನ್ನು ದರ್ಜಿ ಹೊಲಿಯುವುದು ಶೂ ಎತ್ತರಕ್ಕೆ: ಮುಂದೆ ಲೇಸಿನ ಮೇಲೆ ಒರಗಿ ಒಂದು ಮೆತ್ತನೆ ಮಡಿಕೆ ಬೀಳಬೇಕು, ಹಿಂದೆ ಶೂನ ಹಿಮ್ಮಡಿಯ ಅರ್ಧದಷ್ಟು ಇಳಿಯಬೇಕು. ಅದೇ ಪ್ಯಾಂಟಿಗೆ ಚಪ್ಪಲಿ ಹಾಕಿದಾಗ ಬಟ್ಟೆ ಹೆಚ್ಚಾಗಿ ಹಿಂದುಗಡೆ ನೆಲ ಸವರುತ್ತದೆ, ಮುಂದುಗಡೆ ಉಂಗುಷ್ಟದ ಹತ್ತಿರದವರೆಗೆ ಜೋತುಬೀಳುತ್ತದೆ. ಈ ಫೋಟೊದಲ್ಲಿ ಹಾಗೇ ಆಗಿತ್ತು. ನೆಲ 1.5 ಸೆಂ.ಮೀ. ಕೆಳಗಿಳಿದದ್ದೇ ತಡ, ಹಿಂದಿನ ತುದಿ ತಾನಾಗಿ ನೆಲದಿಂದ ಮೇಲೆ ಬಂದು ಹಿಮ್ಮಡಿಯ ನಡುವಿಗೆ ನಿಂತಿತು. ನಾನು ಮಾಡಿದ್ದು ಇಷ್ಟೇ: ನೆಲಕ್ಕೆ ಒತ್ತಿ ಹೊರಕ್ಕೆ ಮಡಚಿದ್ದ ಒಂದು ಮೂಲೆಯನ್ನು ನೇರ ಮಾಡಿ, ಅಲ್ಲಿನ ಧೂಳನ್ನು ಒರೆಸಿದೆ.

ಮುಂಭಾಗಕ್ಕೆ ಮಾತ್ರ ಕೈ ಹಾಕಬೇಕಾಯಿತು. ಬರಿಗಾಲಿನ ಮೇಲ್ಭಾಗ ಮೆತ್ತಗೆ ಇಳಿಜಾರಾಗಿರುತ್ತದೆ. ಶೂನ ನಾಲಿಗೆ, ಲೇಸು, ಗಂಟು ಎಲ್ಲ ಸೇರಿ ಅದೇ ಜಾಗ ದಿಬ್ಬವಾಗುತ್ತದೆ. ಬಟ್ಟೆ ದಿಬ್ಬದ ಮೇಲೆ ನಿಂತಿರಬೇಕು. ಪ್ಯಾಂಟಿನ ಮುಂತುದಿಯನ್ನು ಬೇರೆ ಪದರಕ್ಕೆ ತೆಗೆದು, ನಡುಭಾಗವನ್ನು 10 ಪಿಕ್ಸೆಲ್‌ನಷ್ಟು ಮೇಲಕ್ಕೆ ಬಾಗಿಸಿದೆ. ಅದರ ಮೇಲಿದ್ದ ಮಡಿಕೆ ಅಷ್ಟೇ ಆಳವಾಯಿತು. ತುದಿಯನ್ನು ಬಾಗಿಸಿ ಮಡಿಕೆಯನ್ನು ಹಾಗೇ ಬಿಟ್ಟರೆ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಬಟ್ಟೆ ಮಾಯವಾಗುವುದಿಲ್ಲ, ಮೇಲೆ ಎಲ್ಲಾದರೂ ಸೇರಿಕೊಳ್ಳಲೇಬೇಕಲ್ಲ.

ಪದರಗಳ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗೆ: ಒರೆಸಿದ ನೆಲ, ನೆರಳು, ಶೂ ಮತ್ತು ಸಾಕ್ಸ್, ಅವುಗಳ ಮೇಲೆ ಬೀಳುವ ಪ್ಯಾಂಟಿನ ನೆರಳು, ಎಲ್ಲಕ್ಕಿಂತ ಮೇಲೆ ಪ್ಯಾಂಟು. ಪ್ಯಾಂಟಿನ ತುದಿಯನ್ನು ಕತ್ತರಿಸುವಾಗ ಒಂದು ಸಣ್ಣ ಕಿರಿಕಿರಿ ಇದೆ. ಬಟ್ಟೆಯೂ ಪಾದವೂ ಸೇರುವ ಅಂಚಿನ ಒಂದೆರಡು ಪಿಕ್ಸೆಲ್ಲಿನಲ್ಲಿ ಎರಡರ ಬಣ್ಣವೂ ಬೆರೆತಿರುತ್ತದೆ. ಪಾದ ಇದ್ದಾಗ ಅದು ಕಾಣುತ್ತಿರಲಿಲ್ಲ. ಕೆಳಗೆ ಕಪ್ಪು ಶೂ ಬಂದೊಡನೆ ಕಡುನೀಲಿ ಪ್ಯಾಂಟಿಗೆ ಯಾರೋ ಕಂದು ದಾರದಲ್ಲಿ ಅಂಚು ಹೊಲಿದಂತೆ ತೋರುತ್ತದೆ. ಕತ್ತರಿಸುವ ಗೆರೆಯನ್ನು ಒಂದು ಪಿಕ್ಸೆಲ್ ಒಳಗೆ ಸರಿಸಿ, ಅಂಚನ್ನು ಒಂದು ಪಿಕ್ಸೆಲ್ಲಿನಷ್ಟು ಮೆದು ಮಾಡಿದರೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ಮೆದು ಮಾಡಿದರೆ ಪ್ಯಾಂಟು ಮಂಜಿನಲ್ಲಿ ಮುಗಿದಂತೆ ಆಗುತ್ತದೆ. ಚಿತ್ರದ ಬೇರೆ ಕಡೆ, ಉದಾಹರಣೆಗೆ ಕೋಟಿನ ಅಂಚು, ಎಷ್ಟು ಚೂಪಾಗಿದೆ ಎಂದು ನೋಡಿ ಅಷ್ಟಕ್ಕೇ ನಿಲ್ಲಿಸಬೇಕು.

ಸಾಕ್ಸ್ ವಿಷಯ ಚಿಕ್ಕದು, ಆದರೆ ಬಹಳ ಜನ ಮರೆಯುವುದು ಅದನ್ನೇ. ನೆಟ್ಟಗೆ ನಿಂತವನ ಸಾಕ್ಸ್ ಕಾಣುವುದೇ ಇಲ್ಲ. ಇಲ್ಲಿ ಎಡಗಾಲು ಮುಂದಿದ್ದರಿಂದ ಪ್ಯಾಂಟು ಹೊರಗಡೆ ಸ್ವಲ್ಪ ಎದ್ದು, ಗಂಟಿನ ಹತ್ತಿರ ಒಂದು ಬೆರಳಗಲ ಬರಿಮೈ ಕಾಣುತ್ತಿತ್ತು. ಚರ್ಮದ ಬಣ್ಣವನ್ನೇ ಕಪ್ಪು ಮಾಡಿದರೆ ಸಾಕ್ಸ್ ಆಗುವುದಿಲ್ಲ, ಮಸಿ ಬಳಿದ ಕಾಲಾಗುತ್ತದೆ. ಚರ್ಮ ಹೊಳೆಯುತ್ತದೆ, ನೂಲು ಹೊಳೆಯುವುದಿಲ್ಲ. ಇನ್ನು ಸಾಕ್ಸಿನ ಉದ್ದಗೆರೆಗಳು ಸುಮಾರು 2 ಮಿಲಿಮೀಟರ್ ಅಂತರದಲ್ಲಿ ಇರುವುದರಿಂದ ನಮ್ಮ ಚಿತ್ರದಲ್ಲಿ ನಾಲ್ಕು ಪಿಕ್ಸೆಲ್‌ಗೊಂದು ಗೆರೆ ನಿಜವಾಗಿಯೂ ಕಾಣಬೇಕು, ಅದೂ ಗಂಟಿನ ಮೂಳೆಯ ಮೇಲೆ ಬಾಗಿ ಹೋಗಬೇಕು. ತಾರಸಿಯ ಫೋಟೊದಲ್ಲಿ ಹುಡುಗ ಸಾಕ್ಸ್ ಹಾಕಿಯೇ ನಿಂತಿದ್ದರಿಂದ ಇದು ಶೂ ಜೊತೆಗೇ ಬಂತು. ಸಾಕ್ಸಿನ ಬಣ್ಣವನ್ನು ಶೂಗಿಂತ ಪ್ಯಾಂಟಿಗೆ ಹತ್ತಿರ ಇಟ್ಟರೆ ಆ ಬೆರಳಗಲ ಜಾಗ ಕಣ್ಣನ್ನು ಎಳೆಯುವುದಿಲ್ಲ.

ಇನ್ನು ನೆರಳು. ಮೊದಲು ಹಳೆಯದನ್ನು ತೆಗೆಯಬೇಕು. ಚಪ್ಪಲಿಯ ಅಟ್ಟೆ ಚಪ್ಪಟೆ, ಅದು ಉದ್ದಕ್ಕೂ ನೆಲಕ್ಕೆ ಅಂಟಿರುತ್ತದೆ, ಹಾಗಾಗಿ ಸುತ್ತಲೂ ಒಂದೇ ಸಮನಾದ ಕಪ್ಪು ಗೆರೆ ಇರುತ್ತದೆ. ಆ ಗೆರೆಯ ಚೂರು ಉಳಿದರೂ ಹೊಸ ಶೂ ಪಕ್ಕದಲ್ಲಿ ನೆಲ ಬಿರುಕುಬಿಟ್ಟಂತೆ ಕಾಣುತ್ತದೆ. ಅಕ್ಕಪಕ್ಕದ ಸಿಮೆಂಟಿನಿಂದಲೇ ತುಂಬಿ ನೆಲವನ್ನು ಖಾಲಿ ಮಾಡಿದೆ. ಕಾಲಿನ ಉದ್ದ ನೆರಳನ್ನು ಮೊಣಕಾಲಿನಾಚೆಗೆ ಇದ್ದಂತೆಯೇ ಬಿಟ್ಟು, ಬುಡವನ್ನು ಮಾತ್ರ ಒರೆಸಿದೆ.

ಶೂನ ಅಡಿ ಚಪ್ಪಟೆಯಲ್ಲ. ಹಿಮ್ಮಡಿ ನೆಲ ಮುಟ್ಟುತ್ತದೆ, ಬೆರಳಿನ ಬುಡದ ಜಾಗ ಮುಟ್ಟುತ್ತದೆ, ನಡುವೆ ಕಮಾನಿನಂತೆ ಎದ್ದಿರುತ್ತದೆ, ಮೂತಿ ನೆಲದಿಂದ ತುಸು ಮೇಲೆ ನಿಂತಿರುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಮೂತಿಯ ಕೆಳಗೆ ಪೆನ್ಸಿಲ್ ತೂರಿಸಿ ನೋಡಿ, ಎಷ್ಟು ಒಳಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಆದ್ದರಿಂದ ಕಡುಗಪ್ಪು ಗೆರೆ ಎರಡೇ ಕಡೆ ಇರಬೇಕು. ಮೂತಿಯ ಕೆಳಗೆ ಅದು ಸಡಿಲವಾಗಿ ಬೂದಾಗಬೇಕು, ನಡುವಿನ ಕಮಾನಿನಡಿ ಬಿಸಿಲಿನ ಒಂದು ಸೀಳು ನುಗ್ಗಿದ್ದರೂ ನುಗ್ಗಿರಬಹುದು. ಶೂ ಸುತ್ತ ಬ್ರಷ್ಷಿನಲ್ಲಿ ಒಂದೇ ಸಮ ಕಪ್ಪು ಸವರಿದ ಚಿತ್ರಗಳಲ್ಲಿ ಶೂ ನಿಂತಂತೆ ಇರುವುದಿಲ್ಲ, ಕೆಸರಲ್ಲಿ ಹೂತಂತೆ ಇರುತ್ತದೆ.

ಎರಡನೆಯದು ಅಂಚಿನ ಮೆದುತನ. ನೆರಳು ಎಂದೊಡನೆ ಮಸುಕು ಮಾಡುವುದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿಯ ಆಸುಪಾಸು. ನೆರಳಿನ ಅಂಚು ಎಷ್ಟು ಹರಡುತ್ತದೆ ಎಂಬುದನ್ನು ಅದು ಮತ್ತು ವಸ್ತುವಿನ ಎತ್ತರ ತೀರ್ಮಾನಿಸುತ್ತವೆ. ನಮ್ಮ 45 ಡಿಗ್ರಿ ಬಿಸಿಲಿನಲ್ಲಿ, ನೆಲದಿಂದ 5 ಸೆಂ.ಮೀ. ಎತ್ತರದ ಶೂ ಮೂತಿಯ ನೆರಳಂಚು ಹರಡುವುದು ಒಂದು ಮಿಲಿಮೀಟರ್ ಮಾತ್ರ, ಚಿತ್ರದಲ್ಲಿ ಎರಡು ಪಿಕ್ಸೆಲ್. ಅದೇ ಮನುಷ್ಯನ ತಲೆಯ ನೆರಳಂಚು 3 ಸೆಂ.ಮೀ. ಹರಡುತ್ತದೆ. ಎರಡೂ ಒಂದೇ ಫೋಟೊದಲ್ಲಿ ಇರುತ್ತವೆ. ಹೀಗಾಗಿ ಬಿಸಿಲಿನಲ್ಲಿ ಶೂ ನೆರಳು ಬ್ಲೇಡಿನಂತೆ ಚೂಪಾಗಿರಬೇಕು, 15 ಪಿಕ್ಸೆಲ್ ಮಸುಕು ಮಾಡಿದ ನೆರಳು ಮೋಡದ ದಿನದ್ದು. ಶಾಮಿಯಾನದ ಅಡಿಯಲ್ಲಿ ತೆಗೆದ ಫೋಟೊ ಆಗಿದ್ದರೆ ಲೆಕ್ಕ ಪೂರ್ತಿ ಬೇರೆ: ಅಲ್ಲಿ ದಿಕ್ಕೇ ಇಲ್ಲದ ಮಂಕು ನೆರಳು, ಅಟ್ಟೆಯ ಕೆಳಗಷ್ಟೇ ಕಪ್ಪು.

ಮೂರನೆಯದು ಬಣ್ಣ ಮತ್ತು ಗಾಢತೆ. ಇಲ್ಲೇ ಆ ಖಾಲಿ ನೆಲದ ಫೋಟೊ ಕೆಲಸಕ್ಕೆ ಬಂದದ್ದು. ತಾರಸಿಯ ನೆರಳನ್ನು ಕತ್ತರಿಸಿ ತಂದರೆ ಅದರೊಂದಿಗೆ ತಾರಸಿಯ ಸಿಮೆಂಟೂ ಬರುತ್ತದೆ. ನಮಗೆ ಬೇಕಾದದ್ದು ನೆಲವಲ್ಲ, ನೆಲದ ಬೆಳಕು ಎಷ್ಟು ಪಾಲು ಕಡಿಮೆಯಾಯಿತು ಎನ್ನುವುದು ಮಾತ್ರ. ಅದು ಭಾಗಾಕಾರ:

```
ನೆರಳಿನ ಪದರ = (ಶೂ ಇರುವ ಫೋಟೊ ÷ ಖಾಲಿ ನೆಲದ ಫೋಟೊ) × 255
```

ಫೋಟೊಶಾಪಿನಲ್ಲಿ ಶೂ ಇರುವ ಫೋಟೊ ಕೆಳಗಿಟ್ಟು ಖಾಲಿ ನೆಲದ್ದನ್ನು ಮೇಲಿಟ್ಟು, ಮೇಲಿನದಕ್ಕೆ Divide ಕೊಟ್ಟರೆ ಇದೇ ಆಗುತ್ತದೆ. ಗಿಂಪ್‌ನಲ್ಲೂ ಅದೇ ಹೆಸರಿದೆ. ನೆಲ ಪೂರ್ತಿ ಬಿಳಿಯಾಗಿ, ನೆರಳು ಮಾತ್ರ ಉಳಿಯುತ್ತದೆ. ಅದನ್ನು ಒರೆಸಿದ ನೆಲದ ಮೇಲೆ Multiply ಆಗಿ ಇಟ್ಟರೆ ಛತ್ರದ ಸಿಮೆಂಟಿನ ಕಲೆ, ಗೀರು ಎಲ್ಲ ನೆರಳಿನೊಳಗೂ ಉಳಿಯುತ್ತವೆ.

ಆಮೇಲೆ ಗಾಢತೆ ಹೊಂದಿದೆಯೇ ಎಂದು ಮೂಲ ಫೋಟೊದಲ್ಲೇ ಅಳೆದೆ. ಬಿಸಿಲು ಬಿದ್ದ ಸಿಮೆಂಟಿನಲ್ಲಿ ಕೆಂಪು, ಹಸಿರು, ನೀಲಿ ಕ್ರಮವಾಗಿ 180, 172, 160. ಕಾಲಿನ ಹಳೆಯ ನೆರಳಿನೊಳಗೆ 88, 88, 86. ಒಂದೊಂದನ್ನೂ ಭಾಗಿಸಿ 255ರಿಂದ ಗುಣಿಸಿದರೆ 125, 130, 137 ಬರುತ್ತದೆ. ಅಂದರೆ ನೆರಳು ಬೂದಿಯಲ್ಲ, ತುಸು ನೀಲಿಗೆ ವಾಲಿದ ಬೂದಿ. ನೆರಳಿನ ಜಾಗಕ್ಕೆ ಸೂರ್ಯ ಸಿಗದಿದ್ದರೂ ನೀಲಿ ಆಕಾಶ ಸಿಗುತ್ತದೆ, ಅದೇ ಕಾರಣ. ನನ್ನ ಪದರ ಸ್ವಲ್ಪ ಹೆಚ್ಚೇ ಕಪ್ಪಾಗಿತ್ತು, ತಾರಸಿಯ ಒಂದು ಬದಿ ಎತ್ತರದ ಗೋಡೆ ಇದ್ದು ಆಕಾಶವನ್ನು ಮರೆಮಾಡಿತ್ತು. ಈ ಮೂರು ಅಂಕಿಗೆ ಬರುವಂತೆ ತಿಳಿ ಮಾಡಿದೆ. ಹೊಸ ನೆರಳಿನ ಬುಡ ಹಳೆಯ ಉದ್ದ ನೆರಳಿಗೆ ಸೇರುವಲ್ಲಿ ಆ 5 ಸೆಂ.ಮೀ. ಜರುಗುವಿಕೆಯನ್ನು ಒಂದು ಮೊಳದುದ್ದಕ್ಕೆ ಹಂಚಿ ಬಾಗಿಸಿದೆ.

ಒಂದು ನೆರಳು ಬಾಕಿ ಇತ್ತು, ಪ್ಯಾಂಟು ಶೂ ಮೇಲೆ ಬೀಳಿಸುವುದು. ಇಲ್ಲಿ ನಾನು ಬಹಳ ದಿನ ತಪ್ಪು ಮಾಡುತ್ತಿದ್ದೆ. ಕಪ್ಪು ಚರ್ಮದ ಮೇಲೆ ಇನ್ನಷ್ಟು ಕಪ್ಪು ಬಳಿದರೆ ಏನೂ ತಿಳಿಯುವುದಿಲ್ಲ. ಪಾಲಿಶ್ ಮಾಡಿದ ಕಪ್ಪು ಶೂ ನಮಗೆ ಕಾಣುವುದೇ ಅದು ಆಕಾಶವನ್ನೂ ಸೂರ್ಯನನ್ನೂ ಪ್ರತಿಫಲಿಸುವುದರಿಂದ. ಅದರ ಮೇಲೆ ನೆರಳೆಂದರೆ ಹೊಳಪು ನಿಲ್ಲುವ ಜಾಗ. ತಾರಸಿಯಲ್ಲಿ ಪ್ಯಾಂಟು ಮಡಚಿದ್ದರಿಂದ ಲೇಸಿನ ಸುತ್ತ ಪೂರ್ತಿ ಹೊಳಪಿತ್ತು. ಪ್ಯಾಂಟಿನ ತುದಿಯ ಕೆಳಗೆ ಒಂದು ಬೆರಳಗಲ ಆ ಹೊಳಪನ್ನು ಆರಿಸಿದೆ, ತುದಿಯ ಬಾಗಿಗೆ ತಕ್ಕಂತೆ. ಅಲ್ಲಿಯವರೆಗೂ ಪ್ಯಾಂಟು ಶೂ ಮುಂದೆ ನೇತಾಡುತ್ತಿತ್ತು, ಆಗ ಅದರ ಮೇಲೆ ಒರಗಿತು.

ಗ್ರಾನೈಟ್ ನೆಲದ ಮಾತನ್ನೂ ಸೇರಿಸಿಬಿಡುತ್ತೇನೆ, ಯಾಕೆಂದರೆ ಈಗಿನ ಛತ್ರಗಳೆಲ್ಲ ಅದೇ. ಶೂವನ್ನು ತಲೆಕೆಳಗು ಮಾಡಿ ಕೆಳಗೆ ತೆಳುವಾಗಿ ಇಟ್ಟರೆ ಪ್ರತಿಬಿಂಬ ಆಗುವುದಿಲ್ಲ. ಹೊಳೆಯುವ ನೆಲ ಶೂವನ್ನು ಕೆಳಗಿನಿಂದ ನೋಡುತ್ತದೆ. ಅದರಲ್ಲಿ ಮೂತಿಯ ಅಡಿ, ಅಟ್ಟೆಯ ಅಂಚು, ಪ್ಯಾಂಟಿನ ಒಳಗತ್ತಲು ಕಾಣುತ್ತವೆ, ಲೇಸು ಕಾಣುವುದಿಲ್ಲ. ಶೂವನ್ನು ಗ್ರಾನೈಟ್ ಮೇಲೆಯೇ ನಿಲ್ಲಿಸಿ ತೆಗೆಯುವುದು ಬಿಟ್ಟರೆ ನನಗೆ ನಂಬಿಕೆಯ ದಾರಿ ಬೇರೆ ಇಲ್ಲ.

ಮುಗಿಸುವ ಮೊದಲು ಮೂರು ರೀತಿ ನೋಡುತ್ತೇನೆ. ಇಡೀ ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ ರೂಢಿಯಾದ ಕಣ್ಣಿಗೆ ಓರೆಯ ತಪ್ಪು ಮತ್ತೆ ಕಾಣುತ್ತದೆ. ಅಂಚೆಚೀಟಿಯಷ್ಟು ಚಿಕ್ಕದು ಮಾಡಿದರೆ ತೇಲುತ್ತಿದ್ದಾನೆಯೇ ನಿಂತಿದ್ದಾನೆಯೇ ತಿಳಿಯುತ್ತದೆ. ಕೊನೆಗೆ ಮೇಲೊಂದು Curves ಪದರ ಹಾಕಿ ಕಪ್ಪು ಭಾಗಗಳನ್ನು ವಿಪರೀತ ಬೆಳಗಿಸುತ್ತೇನೆ. ಶೂಗೂ ಪ್ಯಾಂಟಿಗೂ ನಡುವೆ ಕತ್ತಲಲ್ಲಿ ಅಡಗಿದ್ದ ಕತ್ತರಿಯ ಗುರುತು, ಒರೆಸದೆ ಉಳಿದ ಹಳೆಯ ನೆರಳು ಆಗ ಎದ್ದು ಬರುತ್ತವೆ. ಮುದ್ರಿಸಿದ ಆಲ್ಬಂನಲ್ಲಿ ಅವು ಮುಚ್ಚಿಹೋಗುತ್ತವೆ, ಬೆಳಕು ಪೂರ್ತಿ ಏರಿಸಿದ ಮೊಬೈಲಿನಲ್ಲಿ ಮುಚ್ಚುವುದಿಲ್ಲ.

ಮೂರೂ ಪರೀಕ್ಷೆ ದಾಟಿ ಪ್ರಿಂಟ್ ಆಗಿ ಬಂದ ಮೇಲೆ ಮದುಮಗನ ಅತ್ತೆ ಹಿನ್ನೆಲೆಯಲ್ಲಿ ನಿಂತಿದ್ದ ಕಾರಿನ ಮೇಲೆ ಬೆರಳಿಟ್ಟು, "ಇದೇನಪ್ಪಾ ನೀಲಿ?" ಅಂದರು. ತೊಳೆದು ಹೊಳೆಯುತ್ತಿದ್ದ ಅದರ ಬಾಗಿಲಿನಲ್ಲಿ ಭಾವನ ಬೆನ್ನು, ಪ್ಯಾಂಟು, ಅದರ ಕೆಳಗೆ ಹವಾಯಿ ಚಪ್ಪಲಿಯ ಎರಡು ನೀಲಿ ಹಿಮ್ಮಡಿ, ಒಂದೊಂದೂ ಎಂಟು ಹತ್ತು ಪಿಕ್ಸೆಲ್. ಅಷ್ಟು ಚಿಕ್ಕ ಜಾಗಕ್ಕೆ ಶೂ ಆಕಾರ ಬೇಕಿರಲಿಲ್ಲ, ನೀಲಿಯನ್ನು ಕಪ್ಪಿಗೆ ತಿರುಗಿಸಿ ಆ ಒಂದು ಹಾಳೆಯನ್ನು ಮತ್ತೆ ಪ್ರಿಂಟ್ ಮಾಡಿಸಿದೆ.